ನಿಧಿ ಹರಿವು, ನಗದು ಹರಿವು: ಒಂದೇ ಸಂಸ್ಥೆಯ ಲೆಕ್ಕದಿಂದ ಎರಡು ತಃಖ್ತೆಗಳನ್ನು ತಯಾರಿಸಿ ಓದುವ ಕ್ರಮ

ಒಂದು ತಯಾರಿಕಾ ಸಂಸ್ಥೆಯನ್ನು ಊಹಿಸಿಕೊಳ್ಳೋಣ. ಅದು ಈ ವರ್ಷ 160 ಸಾವಿರ ನಿವ್ವಳ ಲಾಭ ಗಳಿಸಿದೆ. ಅದರ ದುಡಿಯುವ ಬಂಡವಾಳ 230 ಸಾವಿರದಿಂದ 470 ಸಾವಿರಕ್ಕೆ ಏರಿದೆ, ಚಾಲ್ತಿ ಆಸ್ತಿಗಳು ಚಾಲ್ತಿ ಹೊಣೆಗಳ ಎಷ್ಟು ಪಟ್ಟು ಎಂದು ತೋರಿಸುವ ಚಾಲ್ತಿ ಅನುಪಾತ 1.96ರಿಂದ 2.38ಕ್ಕೆ ಹೋಗಿದೆ. ಆದರೂ ವರ್ಷದ ಆರಂಭದಲ್ಲಿ 90 ಸಾವಿರವಿದ್ದ ನಗದು ವರ್ಷದ ಕೊನೆಗೆ 30 ಸಾವಿರಕ್ಕೆ ಇಳಿದಿದೆ, ಅದೂ 200 ಸಾವಿರ ಹೊಸ ಸಾಲ ಪಡೆದ ಮೇಲೆ. ನಿಧಿ ಹರಿವಿನ ತಃಖ್ತೆ ಈ ಸಂಸ್ಥೆಯ ಬಗ್ಗೆ ಒಂದು ಮಾತು ಹೇಳಿದರೆ, ನಗದು ಹರಿವಿನ ತಃಖ್ತೆ ಬೇರೆಯೇ ಮಾತು ಹೇಳುತ್ತದೆ. ಎರಡರಲ್ಲಿಯೂ ಕೂಡುವ ತಪ್ಪಿಲ್ಲ. ಈ ಬರಹದಲ್ಲಿ ಇದೇ ಸಂಸ್ಥೆಯ ಅಂಕಿಗಳಿಂದ ಮೊದಲು ನಿಧಿ ಹರಿವಿನ ತಃಖ್ತೆಯನ್ನು ಹಂತ ಹಂತವಾಗಿ ಕಟ್ಟಿ, ಅನಂತರ ಅದನ್ನೇ ನಗದು ಹರಿವಿನ ತಃಖ್ತೆಯಾಗಿ ಬಿಡಿಸಿ, ವ್ಯತ್ಯಾಸ ಯಾವ ಸಾಲಿನಲ್ಲಿ ಹುಟ್ಟುತ್ತದೆ ಎಂಬುದನ್ನು ನೋಡೋಣ.

## ‘ನಿಧಿ’ ಎಂದರೆ ಇಲ್ಲಿ ಏನು

ನಿಧಿ ಎಂಬ ಪದಕ್ಕೆ ಆಡುಮಾತಿನಲ್ಲಿ ಹಣ ಎಂಬ ಅರ್ಥವೇ ಮೊದಲು ಹೊಳೆಯುವುದರಿಂದ, ಈ ತಃಖ್ತೆಯನ್ನು ಕಲಿಯುವವರಲ್ಲಿ ಅನೇಕರು ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾರೆ. ನಿಧಿ ಹರಿವಿನ ತಃಖ್ತೆಯಲ್ಲಿ ನಿಧಿ ಎಂದರೆ ದುಡಿಯುವ ಬಂಡವಾಳ, ಅಂದರೆ ಚಾಲ್ತಿ ಆಸ್ತಿಗಳ ಮೊತ್ತದಿಂದ ಚಾಲ್ತಿ ಹೊಣೆಗಳ ಮೊತ್ತವನ್ನು ಕಳೆದಾಗ ಉಳಿಯುವುದು. ನಗದು ಅದರ ಒಂದು ಭಾಗ ಮಾತ್ರ. ಗೋದಾಮಿನಲ್ಲಿರುವ ದಾಸ್ತಾನು ಮತ್ತು ಗಿರಾಕಿಗಳು ಇನ್ನೂ ಕೊಡಬೇಕಾದ ಬಾಕಿಯೂ ನಿಧಿಯೇ. ಸರಕು ಒದಗಿಸಿದವರಿಗೆ, ಅಂದರೆ ಧನಿಗಳಿಗೆ, ನಾವು ಕೊಡಬೇಕಾದದ್ದು ಅದರಿಂದ ಕಳೆಯಬೇಕಾದ ಅಂಶ.

ಇದರಿಂದ ಒಂದು ಪರೀಕ್ಷೆ ಹುಟ್ಟುತ್ತದೆ. ಒಂದು ವ್ಯವಹಾರದ ಖರ್ಚು ಮತ್ತು ಜಮಾ ಬದಿಗಳೆರಡೂ ಚಾಲ್ತಿ ಖಾತೆಗಳಾಗಿದ್ದರೆ ನಿಧಿ ಹರಿಯುವುದಿಲ್ಲ. ಗಿರಾಕಿಯಿಂದ ಹಳೆಯ ಬಾಕಿ ವಸೂಲಾದರೆ ಋಣಿಗಳ ಬಾಕಿ ಇಳಿದು ಅಷ್ಟೇ ನಗದು ಏರುತ್ತದೆ, ಆದ್ದರಿಂದ ದುಡಿಯುವ ಬಂಡವಾಳ ಇದ್ದಷ್ಟೇ ಇರುತ್ತದೆ. ಎರಡು ಬದಿಗಳೂ ದೀರ್ಘಾವಧಿಯ ಖಾತೆಗಳಾಗಿದ್ದಾಗಲೂ ನಿಧಿ ಹರಿಯುವುದಿಲ್ಲ. ಯಂತ್ರ ಮಾರಿದವನಿಗೆ ಹಣದ ಬದಲು ಷೇರುಗಳನ್ನೇ ಕೊಟ್ಟರೆ ಚಾಲ್ತಿ ಖಾತೆಗಳಿಗೆ ಏನೂ ತಾಗುವುದಿಲ್ಲ. ಒಂದು ಬದಿ ಚಾಲ್ತಿ, ಇನ್ನೊಂದು ಬದಿ ದೀರ್ಘಾವಧಿ ಆದಾಗ ಮಾತ್ರ ನಿಧಿ ಹರಿಯುತ್ತದೆ. ಸಾಲ ಪಡೆದು ಬ್ಯಾಂಕಿಗೆ ಜಮಾ ಮಾಡಿದರೆ ಅದು ನಿಧಿಯ ಮೂಲ. ನಗದು ಕೊಟ್ಟು ಯಂತ್ರ ಕೊಂಡರೆ ಅದು ನಿಧಿಯ ವಿನಿಯೋಗ.

ಮೊದಲು ಕೊಟ್ಟ ಉದಾಹರಣೆಯನ್ನು ನೆನಪಿನಲ್ಲಿಡಿ. ಗಿರಾಕಿಯಿಂದ ಬಾಕಿ ವಸೂಲಾಗುವುದು ನಿಧಿ ಹರಿವಿನ ದೃಷ್ಟಿಯಲ್ಲಿ ಘಟನೆಯೇ ಅಲ್ಲ. ವಸೂಲಾಗದೆ ಹೋಗುವುದೂ, ಅದು ಕೆಟ್ಟ ಸಾಲವೆಂದು ಬರೆದುಹಾಕುವವರೆಗೆ, ಘಟನೆಯಲ್ಲ.

## ಲೆಕ್ಕಕ್ಕೆ ಬೇಕಾದ ಸಾಮಗ್ರಿ

ಎರಡು ವರ್ಷಗಳ ಬ್ಯಾಲೆನ್ಸ್ ಶೀಟ್, ನಡುವಣ ವರ್ಷದ ಲಾಭ-ನಷ್ಟದ ವಿವರ, ಮತ್ತು ಬ್ಯಾಲೆನ್ಸ್ ಶೀಟಿನ ಮೇಲ್ನೋಟಕ್ಕೆ ಕಾಣದ ವ್ಯವಹಾರಗಳ ಮಾಹಿತಿ ಬೇಕು. ಕೆಳಗಿನ ಅಂಕಿಗಳೆಲ್ಲ ಸಾವಿರಗಳಲ್ಲಿವೆ.

| ವಿವರ | ಹಿಂದಿನ ವರ್ಷ | ಈ ವರ್ಷ |
|---|---|---|
| ಯಂತ್ರೋಪಕರಣ (ಸವಕಳಿ ಕಳೆದು) | 600 | 760 |
| ದಾಸ್ತಾನು | 200 | 380 |
| ಋಣಿಗಳು | 180 | 400 |
| ನಗದು ಮತ್ತು ಬ್ಯಾಂಕ್ | 90 | 30 |
| ಆಸ್ತಿಗಳ ಒಟ್ಟು | 1,070 | 1,570 |
| ಷೇರು ಬಂಡವಾಳ | 500 | 600 |
| ಸಾಮಾನ್ಯ ಮೀಸಲು ನಿಧಿ | 100 | 150 |
| ಲಾಭ-ನಷ್ಟ ಖಾತೆಯ ಶಿಲ್ಕು | 80 | 130 |
| ದೀರ್ಘಾವಧಿ ಸಾಲ | 150 | 350 |
| ಧನಿಗಳು | 200 | 310 |
| ಕೊಡಬೇಕಾದ ವೆಚ್ಚಗಳು | 40 | 30 |
| ಹೊಣೆಗಳ ಒಟ್ಟು | 1,070 | 1,570 |

ಹೆಚ್ಚುವರಿ ಮಾಹಿತಿ ಹೀಗಿದೆ. ವರ್ಷದಲ್ಲಿ ಯಂತ್ರಗಳ ಮೇಲೆ 80 ಸವಕಳಿ ಹಾಕಲಾಗಿದೆ. ಪುಸ್ತಕ ಬೆಲೆ 50 ಇದ್ದ ಹಳೆಯ ಯಂತ್ರವೊಂದನ್ನು 35ಕ್ಕೆ ಮಾರಲಾಗಿದೆ. ಹೊಸದಾಗಿ ಬಂದ 100ರ ಷೇರುಗಳಲ್ಲಿ 40ರಷ್ಟನ್ನು ಯಂತ್ರ ಒದಗಿಸಿದವನಿಗೆ ನೇರವಾಗಿ ಕೊಡಲಾಗಿದೆ, ಉಳಿದ 60ನ್ನು ನಗದಿಗೆ ನೀಡಲಾಗಿದೆ. 50ನ್ನು ಮೀಸಲು ನಿಧಿಗೆ ವರ್ಗಾಯಿಸಲಾಗಿದೆ, 60 ಲಾಭಾಂಶ ಪಾವತಿಯಾಗಿದೆ. ಮಾರಾಟ ಹಿಂದಿನ ವರ್ಷ 1,800 ಇದ್ದದ್ದು ಈ ವರ್ಷ 2,000 ಆಗಿದೆ. ತೆರಿಗೆಯನ್ನು ಆಯಾ ವರ್ಷವೇ ಕಟ್ಟಿ ಮುಗಿಸಲಾಗಿದೆ ಎಂದು ಇಟ್ಟುಕೊಳ್ಳೋಣ. ತೆರಿಗೆಯ ಬಾಕಿ ಸೇರಿದರೆ ಮುಖ್ಯ ಎಳೆ ಮಸುಕಾಗುತ್ತದೆ.

## ಹಂತ 1: ದುಡಿಯುವ ಬಂಡವಾಳದ ಬದಲಾವಣೆಯ ಪಟ್ಟಿ

ಚಾಲ್ತಿ ಖಾತೆಗಳನ್ನು ಮಾತ್ರ ಬೇರ್ಪಡಿಸಿ, ಪ್ರತಿಯೊಂದರ ಬದಲಾವಣೆ ದುಡಿಯುವ ಬಂಡವಾಳವನ್ನು ಏರಿಸಿತೋ ಇಳಿಸಿತೋ ಎಂದು ಗುರುತಿಸಬೇಕು. ಚಾಲ್ತಿ ಆಸ್ತಿ ಏರಿದರೆ ಬಂಡವಾಳವೂ ಏರುತ್ತದೆ, ಚಾಲ್ತಿ ಹೊಣೆ ಏರಿದರೆ ಬಂಡವಾಳ ಇಳಿಯುತ್ತದೆ.

| ಖಾತೆ | ಬದಲಾವಣೆ | ದುಡಿಯುವ ಬಂಡವಾಳದ ಮೇಲೆ ಪರಿಣಾಮ |
|---|---|---|
| ದಾಸ್ತಾನು | 180 ಏರಿಕೆ | +180 |
| ಋಣಿಗಳು | 220 ಏರಿಕೆ | +220 |
| ನಗದು | 60 ಇಳಿಕೆ | −60 |
| ಧನಿಗಳು | 110 ಏರಿಕೆ | −110 |
| ಕೊಡಬೇಕಾದ ವೆಚ್ಚಗಳು | 10 ಇಳಿಕೆ | +10 |
| ನಿವ್ವಳ ಏರಿಕೆ | | +240 |

ಪರಿಶೀಲನೆ ಸುಲಭ. ಹಿಂದಿನ ವರ್ಷ 470 ಚಾಲ್ತಿ ಆಸ್ತಿಯಿಂದ 240 ಚಾಲ್ತಿ ಹೊಣೆ ಕಳೆದರೆ 230; ಈ ವರ್ಷ 810ರಿಂದ 340 ಕಳೆದರೆ 470. ಎರಡರ ವ್ಯತ್ಯಾಸ 240. ಈ ಪಟ್ಟಿ ಸರಿಯಿಲ್ಲದೆ ಮುಂದಿನ ಯಾವ ಹಂತವೂ ಕೂಡಿಬರುವುದಿಲ್ಲ. ಅಲ್ಲದೆ, ಎರಡು ತಃಖ್ತೆಗಳನ್ನು ಹೋಲಿಸುವಾಗ ನಾವು ಮತ್ತೆ ತೆರೆಯಬೇಕಾದ ಹಾಳೆಯೂ ಇದೇ.

## ಹಂತ 2: ಮರೆಯಲ್ಲಿರುವ ವ್ಯವಹಾರಗಳನ್ನು ಖಾತೆ ಕಟ್ಟಿ ಹೊರತೆಗೆಯುವುದು

ಯಂತ್ರೋಪಕರಣ 600ರಿಂದ 760ಕ್ಕೆ ಏರಿದೆ ಎಂದು ಕಂಡು, 160ರ ಯಂತ್ರ ಕೊಂಡಿದ್ದಾರೆ ಎಂದು ಬರೆದುಬಿಡುವುದು ಸಾಮಾನ್ಯ ತಪ್ಪು. ಸವಕಳಿ ಮತ್ತು ಮಾರಾಟ ಅದೇ ಖಾತೆಯನ್ನು ಇಳಿಸಿರುವುದರಿಂದ ನಿಜವಾದ ಖರೀದಿ ಅದಕ್ಕಿಂತ ಹೆಚ್ಚು. ಖಾತೆಯನ್ನು ಮರುಕಟ್ಟಿದರೆ ಅದು ತಾನಾಗಿ ಹೊರಬರುತ್ತದೆ:

```
600 + ಖರೀದಿ − 80 (ಸವಕಳಿ) − 50 (ಮಾರಿದ ಯಂತ್ರ) = 760
ಖರೀದಿ = 290
```

ಮಾರಿದ ಯಂತ್ರವನ್ನು ಇಲ್ಲಿ ಅದರ ಪುಸ್ತಕ ಬೆಲೆಯಾದ 50ರಲ್ಲಿ ಕಳೆಯಬೇಕು, ಕೈಗೆ ಬಂದ 35ರಲ್ಲಿ ಅಲ್ಲ. ಇವೆರಡರ ನಡುವಿನ 15 ನಷ್ಟವಾಗಿ ಲಾಭ-ನಷ್ಟ ಖಾತೆಗೆ ಹೋಗಿದೆ, ಅದನ್ನು ಮುಂದಿನ ಹಂತದಲ್ಲಿ ಎದುರಿಸಬೇಕಾಗುತ್ತದೆ.

ಈ 290ರಲ್ಲಿ 40ಕ್ಕೆ ಷೇರುಗಳನ್ನೇ ಕೊಟ್ಟಿರುವುದರಿಂದ, ನಮ್ಮ ಪರೀಕ್ಷೆಯ ಪ್ರಕಾರ ಅಷ್ಟು ಭಾಗದಲ್ಲಿ ನಿಧಿ ಹರಿದಿಲ್ಲ. ಯಂತ್ರದ ಖರೀದಿಗೆ ಆದ ವಿನಿಯೋಗ 250, ಷೇರುಗಳಿಂದ ಬಂದ ಮೂಲ 60. ಕೆಲವರು ಈ 40ನ್ನು ಎರಡೂ ಬದಿಯಲ್ಲಿ ತೋರಿಸುತ್ತಾರೆ. ಅಮೆರಿಕದ ಲೆಕ್ಕಪತ್ರ ತತ್ತ್ವಗಳ ಮಂಡಳಿ 1971ರಲ್ಲಿ ಹಣಕಾಸು ಸ್ಥಿತಿಯ ಬದಲಾವಣೆಯ ತಃಖ್ತೆಯನ್ನು ಕಡ್ಡಾಯಗೊಳಿಸಿದಾಗ, ಇಂಥ ವಿನಿಮಯಗಳನ್ನೂ ತೋರಿಸಬೇಕೆಂದೇ ಹೇಳಿತ್ತು. ಎರಡೂ ಬದಿಯಲ್ಲಿ ಸೇರಿಸಿದರೆ ಮೊತ್ತಗಳು ಉಬ್ಬುತ್ತವೆ, ದುಡಿಯುವ ಬಂಡವಾಳದ ಬದಲಾವಣೆ ಮಾತ್ರ 240 ಆಗಿಯೇ ಉಳಿಯುತ್ತದೆ. ಯಾವ ಕ್ರಮ ಹಿಡಿದರೂ ಒಂದು ಬದಿಯಲ್ಲಿ ಬರೆದು ಇನ್ನೊಂದು ಬದಿಯಲ್ಲಿ ಬಿಡಬಾರದು. ತಃಖ್ತೆ 40ರಷ್ಟು ಕೂಡದೆ ನಿಂತರೆ ಮೊದಲು ಇಲ್ಲಿಯೇ ಹುಡುಕಬೇಕು.

## ಹಂತ 3: ವ್ಯವಹಾರದಿಂದ ಬಂದ ನಿಧಿ

ಲಾಭ-ನಷ್ಟ ಖಾತೆಯ ಶಿಲ್ಕು ಕೇವಲ 50 ಏರಿದೆ. ಆದರೆ ಆ ಲಾಭದಿಂದಲೇ 50 ಮೀಸಲು ನಿಧಿಗೂ 60 ಲಾಭಾಂಶಕ್ಕೂ ಹೋಗಿರುವುದರಿಂದ ನಿವ್ವಳ ಲಾಭ 160. ಇದಕ್ಕೆ ನಿಧಿಯನ್ನು ತಾಗದೆ ಲಾಭವನ್ನು ಮಾತ್ರ ಇಳಿಸಿದ ಅಂಶಗಳನ್ನು ಮರಳಿ ಕೂಡಬೇಕು.

```
ನಿವ್ವಳ ಲಾಭ                 160
+ ಸವಕಳಿ                    80
+ ಯಂತ್ರ ಮಾರಾಟದ ನಷ್ಟ        15
= ವ್ಯವಹಾರದಿಂದ ಬಂದ ನಿಧಿ     255
```

ಸವಕಳಿಯನ್ನು ಹೀಗೆ ಕೂಡುವುದನ್ನು ಕಂಡು ಅದು ನಿಧಿಯ ಒಂದು ಮೂಲವೆಂದು ತಿಳಿಯುವವರು ಅನೇಕರು. ಕೆಲವು ಸಂಸ್ಥೆಗಳ ವರದಿಗಳಲ್ಲಿಯೂ ಹಾಗೆ ಬರೆದಿರುತ್ತದೆ. ಅದು ಸರಿಯಲ್ಲ. ಸವಕಳಿಯನ್ನು 80ರ ಬದಲು 160 ಹಾಕಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿ ನೋಡಿ. ತೆರಿಗೆಯ ಪರಿಣಾಮವನ್ನು ಬದಿಗಿಟ್ಟರೆ ನಿವ್ವಳ ಲಾಭ 80ಕ್ಕೆ ಇಳಿಯುತ್ತಿತ್ತು, ಅದಕ್ಕೆ 160 ಮತ್ತು 15 ಕೂಡಿದರೆ ಮತ್ತೆ ಅದೇ 255. ನಿಧಿ ಬಂದದ್ದು ಗಿರಾಕಿಗಳಿಗೆ ಮಾಡಿದ ಮಾರಾಟದಿಂದ. ಲಾಭದ ಲೆಕ್ಕದಲ್ಲಿ ಕಳೆದಿದ್ದ ಒಂದು ಅಂಕಿಯನ್ನು ನಾವು ರದ್ದುಮಾಡುತ್ತಿದ್ದೇವೆ, ಅಷ್ಟೇ.

## ಹಂತ 4: ಮೂಲಗಳು ಮತ್ತು ವಿನಿಯೋಗಗಳು

| ನಿಧಿಯ ಮೂಲಗಳು | ಮೊತ್ತ | ನಿಧಿಯ ವಿನಿಯೋಗ | ಮೊತ್ತ |
|---|---|---|---|
| ವ್ಯವಹಾರದಿಂದ ಬಂದ ನಿಧಿ | 255 | ಯಂತ್ರ ಖರೀದಿ | 250 |
| ದೀರ್ಘಾವಧಿ ಸಾಲ | 200 | ಲಾಭಾಂಶ ಪಾವತಿ | 60 |
| ಷೇರು ನೀಡಿಕೆ | 60 | ದುಡಿಯುವ ಬಂಡವಾಳದ ಏರಿಕೆ | 240 |
| ಯಂತ್ರ ಮಾರಾಟ | 35 | | |
| ಒಟ್ಟು | 550 | ಒಟ್ಟು | 550 |

ಯಂತ್ರ ಮಾರಾಟದ ಸಾಲಿನಲ್ಲಿ ಕೈಗೆ ಬಂದ 35 ಪೂರ್ತಿಯಾಗಿ ನಿಂತಿದೆ. ನಷ್ಟವನ್ನು ಹಂತ 3ರಲ್ಲಿ ಮರಳಿ ಕೂಡದೆ ಇದ್ದಿದ್ದರೆ ಮೂಲಗಳು 15ರಷ್ಟು ಕಡಿಮೆ ಬೀಳುತ್ತಿದ್ದವು.

ಇದನ್ನು ಓದುವ ಸಾಲದಾತನಿಗೆ ಕಾಣುವ ಚಿತ್ರ ಹೀಗಿರುತ್ತದೆ. ಯಂತ್ರಕ್ಕೂ ಲಾಭಾಂಶಕ್ಕೂ ಬೇಕಾದ 310ರಲ್ಲಿ 255 ವ್ಯವಹಾರದಿಂದಲೇ ಬಂದಿದೆ. ದೀರ್ಘಾವಧಿ ಮೂಲಗಳು ದೀರ್ಘಾವಧಿ ವಿನಿಯೋಗಗಳನ್ನು ಪೂರ್ತಿ ಭರಿಸಿ, ಮೇಲೆ 240 ಉಳಿಸಿ ಅದನ್ನು ದುಡಿಯುವ ಬಂಡವಾಳಕ್ಕೆ ಸೇರಿಸಿವೆ. ಅಲ್ಪಾವಧಿಯ ಹಣವನ್ನು ಯಂತ್ರಗಳಲ್ಲಿ ಹೂಡಿದ ದೋಷ ಎಲ್ಲಿಯೂ ಕಾಣುವುದಿಲ್ಲ. ಈ ಓದು ಸುಳ್ಳಲ್ಲ. ಆದರೆ 240 ಎಂಬ ಒಂದೇ ಸಾಲಿನೊಳಗೆ ಏನಿದೆ ಎಂಬುದನ್ನು ಇದು ಹೇಳಿಲ್ಲ.

## ಹಂತ 5: ಅದೇ ತಃಖ್ತೆಯನ್ನು ನಗದಿಗೆ ಬಿಡಿಸುವುದು

ನಗದು ಹರಿವಿನ ತಃಖ್ತೆಗೆ ಹೊಸ ಮಾಹಿತಿ ಬೇಕಾಗಿಲ್ಲ. ಹಂತ 1ರ ಪಟ್ಟಿಯಿಂದ ನಗದಿನ ಸಾಲೊಂದನ್ನು ಬಿಟ್ಟು ಉಳಿದ ಸಾಲುಗಳನ್ನು ಚಿಹ್ನೆ ಬದಲಿಸಿ ಇಲ್ಲಿಗೆ ತಂದರೆ ಸಾಕು. ದಾಸ್ತಾನು ಏರಿದರೆ ನಗದು ಅಲ್ಲಿ ಸಿಕ್ಕಿಕೊಂಡಿದೆ ಎಂದರ್ಥ, ಆದ್ದರಿಂದ ಕಳೆಯಬೇಕು. ಧನಿಗಳ ಬಾಕಿ ಏರಿದರೆ ಕೊಡಬೇಕಾದ ನಗದು ಇನ್ನೂ ನಮ್ಮಲ್ಲೇ ಇದೆ, ಆದ್ದರಿಂದ ಕೂಡಬೇಕು.

| ವಿವರ | ಮೊತ್ತ |
|---|---|
| ದುಡಿಯುವ ಬಂಡವಾಳದ ಬದಲಾವಣೆಗೆ ಮೊದಲಿನ ಮೊತ್ತ | 255 |
| ದಾಸ್ತಾನಿನ ಏರಿಕೆ | −180 |
| ಋಣಿಗಳ ಏರಿಕೆ | −220 |
| ಧನಿಗಳ ಏರಿಕೆ | +110 |
| ಕೊಡಬೇಕಾದ ವೆಚ್ಚಗಳ ಇಳಿಕೆ | −10 |
| ವ್ಯವಹಾರದ ನಗದು | −45 |
| ಯಂತ್ರ ಖರೀದಿ | −250 |
| ಯಂತ್ರ ಮಾರಾಟ | +35 |
| ಹೂಡಿಕೆಯ ನಗದು | −215 |
| ಷೇರು ನೀಡಿಕೆ | +60 |
| ದೀರ್ಘಾವಧಿ ಸಾಲ | +200 |
| ಲಾಭಾಂಶ | −60 |
| ಬಂಡವಾಳ ಮತ್ತು ಸಾಲದ ನಗದು | +200 |
| ನಗದಿನ ನಿವ್ವಳ ಬದಲಾವಣೆ | −60 |

90ರಿಂದ 60 ಕಳೆದರೆ 30, ಬ್ಯಾಲೆನ್ಸ್ ಶೀಟಿನಲ್ಲಿರುವುದೂ ಅದೇ. ಷೇರು ಕೊಟ್ಟು ಪಡೆದ 40ರ ಯಂತ್ರ ಈ ತಃಖ್ತೆಯೊಳಗೆ ಬರುವುದಿಲ್ಲ. ಅಂತರರಾಷ್ಟ್ರೀಯ ಮಾನದಂಡವಾದ IAS 7ರ ಪ್ರಕಾರ ಅದನ್ನು ಹಣಕಾಸು ವರದಿಯಲ್ಲಿ ಬೇರೆಡೆ ವಿವರಿಸಬೇಕು.

ಈಗ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ನಿಧಿಯ ಲೆಕ್ಕದಲ್ಲಿ ವ್ಯವಹಾರ 255 ತಂದಿದೆ. ನಗದಿನ ಲೆಕ್ಕದಲ್ಲಿ ಅದೇ ವ್ಯವಹಾರ 45ನ್ನು ನುಂಗಿದೆ. ನಡುವಿನ 300 ಪೂರ್ತಿಯಾಗಿ ಗೋದಾಮಿನಲ್ಲಿಯೂ ಗಿರಾಕಿಗಳ ಕೈಯಲ್ಲಿಯೂ ಇದೆ: 400 ಅಲ್ಲಿಗೆ ಹೋಗಿದೆ, ಧನಿಗಳ ಬಾಕಿ ಏರಿ ಬಾಕಿ ವೆಚ್ಚಗಳು ಇಳಿದು ನಿವ್ವಳ 100 ಮರಳಿದೆ. ಹಾಗಾದರೆ 200ರ ಹೊಸ ಸಾಲ ಯಂತ್ರಗಳಿಗಾಗಿ ಬಂದದ್ದು ಎಂದು ಹೇಳುವುದು ಅರ್ಧ ಸತ್ಯವಾಗುತ್ತದೆ. ಋಣಿಗಳು ಮತ್ತು ದಾಸ್ತಾನು ಹಿಂದಿನ ಮಟ್ಟದಲ್ಲಿಯೇ ಇದ್ದಿದ್ದರೆ ಸಾಲದ ಅಗತ್ಯವೇ ಬೀಳುತ್ತಿರಲಿಲ್ಲ.

## ಆ 240 ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯುವುದು ಹೇಗೆ

ಬೆಳೆಯುತ್ತಿರುವ ಸಂಸ್ಥೆಯಲ್ಲಿ ದುಡಿಯುವ ಬಂಡವಾಳ ಏರುವುದು ಸಹಜ, ಆದ್ದರಿಂದ ಏರಿಕೆಯನ್ನು ಕಂಡ ಕೂಡಲೇ ದೋಷವೆಂದು ತೀರ್ಮಾನಿಸಬಾರದು. ಅದು ಮಾರಾಟದ ಜೊತೆಗೆ ಏರಿತೋ, ಅದನ್ನು ದಾಟಿ ಹೋಯಿತೋ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ನಮ್ಮ ಸಂಸ್ಥೆಯ ಮಾರಾಟ ಶೇ. 11ರಷ್ಟು ಏರಿದರೆ ಋಣಿಗಳ ಬಾಕಿ ಶೇ. 122ರಷ್ಟು, ದಾಸ್ತಾನು ಶೇ. 90ರಷ್ಟು ಏರಿವೆ. ದಿನಗಳ ಲೆಕ್ಕದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಎಲ್ಲ ಮಾರಾಟವೂ ಸಾಲದ ಮೇಲೆ ಆದದ್ದೆಂದು ಇಟ್ಟುಕೊಂಡರೆ, ಹಿಂದಿನ ವರ್ಷಾಂತ್ಯದ ಋಣಿಗಳ ಬಾಕಿ ಸುಮಾರು 36 ದಿನಗಳ ಮಾರಾಟಕ್ಕೆ ಸಮವಾಗಿತ್ತು. ಈಗ ಅದು 73 ದಿನಗಳದ್ದು. ವಸೂಲಿಯ ಅವಧಿ ಇಮ್ಮಡಿಯಾಗಿದೆ.

ಚಾಲ್ತಿ ಅನುಪಾತ ಇದನ್ನು ಹಿಡಿಯಲಿಲ್ಲ, ಏಕೆಂದರೆ ವಸೂಲಾಗದ ಬಾಕಿಯೂ ಮಾರಾಟವಾಗದ ದಾಸ್ತಾನೂ ಅದರ ಅಂಶದಲ್ಲಿಯೇ ಕುಳಿತಿವೆ. ದಾಸ್ತಾನನ್ನು ಬಿಟ್ಟು ಲೆಕ್ಕ ಹಾಕುವ ತ್ವರಿತ ಅನುಪಾತವೂ 1.13ರಿಂದ 1.26ಕ್ಕೆ ಏರಿದೆ, ಅದು ದಾಸ್ತಾನನ್ನು ಹೊರಗಿಟ್ಟರೂ ಋಣಿಗಳನ್ನು ಒಳಗೇ ಇಟ್ಟುಕೊಳ್ಳುತ್ತದೆ. ನಗದನ್ನು ಮಾತ್ರ ಚಾಲ್ತಿ ಹೊಣೆಗಳಿಗೆ ಹೋಲಿಸಿದಾಗ ಶೇ. 37.5 ಇದ್ದದ್ದು ಶೇ. 8.8ಕ್ಕೆ ಇಳಿದಿರುವುದು ಕಣ್ಣಿಗೆ ಬೀಳುತ್ತದೆ.

ಇದು ಪುಸ್ತಕದ ಲೆಕ್ಕದಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಮಳಿಗೆಗಳನ್ನು ಹೊಂದಿದ್ದ ಡಬ್ಲ್ಯು. ಟಿ. ಗ್ರಾಂಟ್ ಎಂಬ ಚಿಲ್ಲರೆ ಮಾರಾಟ ಕಂಪನಿ 1975ರ ಅಕ್ಟೋಬರಿನಲ್ಲಿ ದಿವಾಳಿಯ ಮೊರೆಹೋಯಿತು. ಗಿರಾಕಿಗಳಿಗೆ ತಾನೇ ಸಾಲ ಕೊಟ್ಟು ಮಾರುತ್ತಿದ್ದ ಆ ಕಂಪನಿಯ ಲೆಕ್ಕಗಳನ್ನು ಲಾರ್ಗೆ ಮತ್ತು ಸ್ಟಿಕ್ನಿ ಎಂಬ ಇಬ್ಬರು ಅಧ್ಯಯನಕಾರರು 1980ರಲ್ಲಿ ಬಿಡಿಸಿ ತೋರಿಸಿದರು. ಕುಸಿತಕ್ಕೆ ಹತ್ತಿರದವರೆಗೂ ಅದು ಲಾಭ ತೋರಿಸುತ್ತಿತ್ತು, ಲಾಭಾಂಶ ಕೊಡುತ್ತಿತ್ತು, ವ್ಯವಹಾರದಿಂದ ಬಂದ ದುಡಿಯುವ ಬಂಡವಾಳವೂ ಧನಾತ್ಮಕವಾಗಿಯೇ ಇತ್ತು. ವ್ಯವಹಾರದ ನಗದು ಮಾತ್ರ ದಿವಾಳಿಗೆ ಮುಂಚಿನ ದಶಕದ ಬಹುತೇಕ ವರ್ಷಗಳಲ್ಲಿ ಋಣಾತ್ಮಕವಾಗಿತ್ತು. 1987ರಲ್ಲಿ ಅಮೆರಿಕದ ಲೆಕ್ಕಪತ್ರ ಮಾನದಂಡ ಮಂಡಳಿ ನಗದು ಹರಿವಿನ ತಃಖ್ತೆಯನ್ನು ಕಡ್ಡಾಯಗೊಳಿಸಿತು. 1992ರಲ್ಲಿ ಪರಿಷ್ಕೃತವಾದ IAS 7 ಕೂಡ ಹಣಕಾಸು ಸ್ಥಿತಿಯ ಬದಲಾವಣೆಯ ತಃಖ್ತೆಯ ಜಾಗದಲ್ಲಿ ನಗದಿನದ್ದನ್ನು ತಂದಿತು.

## ನಿಧಿಯ ಲೆಕ್ಕ ಅಂದಾಜಿಗೂ ಹೆಸರಿಗೂ ಬಾಗುವ ಎರಡು ಕಡೆಗಳು

ದಾಸ್ತಾನಿನ ಬೆಲೆಯನ್ನು 30ರಷ್ಟು ಹೆಚ್ಚಾಗಿ ಅಂದಾಜಿಸಲಾಗಿತ್ತು ಎಂದಿಟ್ಟುಕೊಳ್ಳಿ. ಆಗ ಲಾಭ 30ರಷ್ಟು ಉಬ್ಬಿದೆ, ವ್ಯವಹಾರದಿಂದ ಬಂದ ನಿಧಿಯೂ 30ರಷ್ಟು ಉಬ್ಬಿದೆ, ಇನ್ನೊಂದು ಬದಿಯಲ್ಲಿ ದುಡಿಯುವ ಬಂಡವಾಳದ ಏರಿಕೆಯೂ ಅಷ್ಟೇ ಉಬ್ಬಿದೆ. ನಿಧಿ ಹರಿವಿನ ತಃಖ್ತೆ ತಪ್ಪನ್ನು ಎರಡೂ ಬದಿಯಲ್ಲಿ ಹೊತ್ತುಕೊಂಡು ಸರಿಯಾಗಿ ಕೂಡಿ ನಿಲ್ಲುತ್ತದೆ. ನಗದು ಹರಿವಿನ ತಃಖ್ತೆಯಲ್ಲಿ ಉಬ್ಬಿದ ಲಾಭ ಮೇಲಿನ ಸಾಲಿನಲ್ಲಿ, ಉಬ್ಬಿದ ದಾಸ್ತಾನು ಕಳೆಯುವ ಸಾಲಿನಲ್ಲಿ ಇರುವುದರಿಂದ ಒಂದನ್ನೊಂದು ತೊಡೆದುಹಾಕುತ್ತವೆ, −45 ಹಾಗೆಯೇ ಉಳಿಯುತ್ತದೆ. ಆದ್ದರಿಂದ ತಃಖ್ತೆ ಕೂಡಿತು ಎಂಬುದು ಅಂಕಗಣಿತಕ್ಕೆ ಪ್ರಮಾಣವೇ ಹೊರತು ಮೌಲ್ಯಮಾಪನಕ್ಕೆ ಅಲ್ಲ.

ಎರಡನೆಯದು ಸಾಲದ ಕಂತಿನದು. 350ರ ದೀರ್ಘಾವಧಿ ಸಾಲದಲ್ಲಿ 70 ಮುಂದಿನ ಹನ್ನೆರಡು ತಿಂಗಳೊಳಗೆ ಮರುಪಾವತಿಯಾಗಬೇಕಿದ್ದರೆ, ಅದನ್ನು ಚಾಲ್ತಿ ಹೊಣೆಗಳಿಗೆ ವರ್ಗಾಯಿಸಬೇಕು. ವರ್ಗಾಯಿಸಿದ ಕ್ಷಣ ದುಡಿಯುವ ಬಂಡವಾಳದ ಏರಿಕೆ 240ರಿಂದ 170ಕ್ಕೆ ಇಳಿಯುತ್ತದೆ, 70 ನಿಧಿಯ ವಿನಿಯೋಗವಾಗಿ ಕಾಣಿಸಿಕೊಳ್ಳುತ್ತದೆ. ಯಾರಿಗೂ ಒಂದು ಪೈಸೆಯೂ ಪಾವತಿಯಾಗಿಲ್ಲ. ಮುಂದಿನ ವರ್ಷ ನಿಜವಾಗಿ ಕಂತು ಕಟ್ಟಿದಾಗ ಚಾಲ್ತಿ ಹೊಣೆ ಮತ್ತು ನಗದು ಒಟ್ಟಿಗೆ ಇಳಿಯುವುದರಿಂದ ನಿಧಿ ಹರಿವಿನ ತಃಖ್ತೆಗೆ ಅದು ಗೊತ್ತೇ ಆಗುವುದಿಲ್ಲ. ನಗದು ಹರಿವಿನ ತಃಖ್ತೆಯಲ್ಲಿ ಈ ವರ್ಷ ಏನೂ ಬದಲಾಗದೆ, ಕಟ್ಟಿದ ವರ್ಷವೇ ಅದು ದಾಖಲಾಗುತ್ತದೆ. ಎರಡು ವರ್ಷಗಳ ಬ್ಯಾಲೆನ್ಸ್ ಶೀಟುಗಳಲ್ಲಿ ಒಂದರಲ್ಲಿ ಕಂತನ್ನು ಬೇರ್ಪಡಿಸಿ ಇನ್ನೊಂದರಲ್ಲಿ ಬೇರ್ಪಡಿಸದೆ ಇರುವುದು ಆಗಾಗ ಕಾಣುವ ತಪ್ಪು. ಹಂತ 1ಕ್ಕೆ ಮೊದಲೇ ಸಾಲದ ಕರಾರನ್ನು ತೆರೆದು ಇದನ್ನು ಸಮಗೊಳಿಸಿಕೊಳ್ಳಬೇಕು.

## ನಗದು ಹರಿವಿನ ತಃಖ್ತೆ ಮೋಸಗೊಳಿಸುವ ಕಡೆ

ಇಷ್ಟು ಹೇಳಿದ ಮೇಲೆ ನಿಧಿ ಹರಿವಿನ ತಃಖ್ತೆ ಇನ್ನು ಬೇಡವೇ ಬೇಡ ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಇದೇ ಸಂಸ್ಥೆಯ ಲೆಕ್ಕದಲ್ಲಿ ಒಂದೇ ಒಂದು ಬದಲಾವಣೆ ಮಾಡಿ ಅದಕ್ಕೆ ಕಾರಣ ತೋರಿಸುತ್ತೇನೆ. ಸಂಸ್ಥೆಗೆ 200ರ ದೀರ್ಘಾವಧಿ ಸಾಲ ಸಿಗಲಿಲ್ಲ ಎಂದುಕೊಳ್ಳೋಣ. ಅದರ ಬದಲು ಸರಕು ಒದಗಿಸಿದವರಿಗೆ ಕೊಡಬೇಕಾದ ಹಣವನ್ನು ಇನ್ನೂ 200ರಷ್ಟು ತಡೆಹಿಡಿದು, ಧನಿಗಳ ಬಾಕಿಯನ್ನು 510ಕ್ಕೆ ಏರಿಸಿತು.

ನಗದು ಹರಿವಿನ ತಃಖ್ತೆಯಲ್ಲಿ ಧನಿಗಳ ಏರಿಕೆ 110ರ ಬದಲು 310 ಆಗುತ್ತದೆ, ವ್ಯವಹಾರದ ನಗದು −45ರಿಂದ +155ಕ್ಕೆ ಜಿಗಿಯುತ್ತದೆ. ಒಟ್ಟು ಬದಲಾವಣೆ ಮೊದಲಿನಂತೆ −60. ತಃಖ್ತೆಯ ಮೊದಲ ಭಾಗವನ್ನು ಮಾತ್ರ ಓದಿದವನಿಗೆ ಸಂಸ್ಥೆ ಸುಧಾರಿಸಿದಂತೆ ತೋರುತ್ತದೆ. ವಾಸ್ತವದಲ್ಲಿ ಅದು ಸರಕು ಒದಗಿಸಿದವರನ್ನು ಕಾಯಿಸುತ್ತಾ ಯಂತ್ರಗಳನ್ನು ಕೊಂಡಿದೆ.

ನಿಧಿ ಹರಿವಿನ ತಃಖ್ತೆಯಲ್ಲಿ ಅದೇ ಸಂಗತಿ ಬೇರೆಯಾಗಿ ಕಾಣುತ್ತದೆ. ಸರಕಿನ ಬಾಕಿ ಚಾಲ್ತಿ ಹೊಣೆಯಾದ್ದರಿಂದ ಅದನ್ನು ಎಳೆದಾಡಿ ಯಾರೂ ಮೂಲವನ್ನು ಸೃಷ್ಟಿಸಲಾಗದು. ಮೂಲಗಳ ಒಟ್ಟು 550ರಿಂದ 350ಕ್ಕೆ ಇಳಿಯುತ್ತದೆ, ದುಡಿಯುವ ಬಂಡವಾಳದ ಏರಿಕೆ 40ಕ್ಕೆ ಕುಗ್ಗುತ್ತದೆ, ಚಾಲ್ತಿ ಅನುಪಾತ 2.38ರ ಜಾಗದಲ್ಲಿ 1.5ಕ್ಕೆ ನಿಲ್ಲುತ್ತದೆ. ಹೀಗೆ ತಡೆಹಿಡಿದು ಯಂತ್ರಗಳಿಗೆ ಹಾಕಿದ ಮೊತ್ತ 240ನ್ನು ದಾಟಿದ್ದರೆ ದುಡಿಯುವ ಬಂಡವಾಳದ ಇಳಿಕೆ ಮೂಲಗಳ ಬದಿಗೇ ಬಂದು ನಿಲ್ಲುತ್ತಿತ್ತು, ಅಲ್ಪಾವಧಿಯ ಹಣದಿಂದ ದೀರ್ಘಾವಧಿಯ ಆಸ್ತಿ ಕೊಂಡದ್ದು ಆ ಒಂದು ಸಾಲಿನಲ್ಲಿಯೇ ಸ್ಪಷ್ಟವಾಗುತ್ತಿತ್ತು.

ಆದ್ದರಿಂದ ಕೆಲಸದ ಕ್ರಮವಾಗಿ ನಾನು ಇಟ್ಟುಕೊಂಡಿರುವುದು ಇದು. ದೀರ್ಘಾವಧಿಯ ಮೂಲ ಯಾವುದು, ಅದು ಎಲ್ಲಿ ಹೂಡಿಕೆಯಾಯಿತು ಎಂಬ ಪ್ರಶ್ನೆಗೆ ಮೂಲ-ವಿನಿಯೋಗದ ತಃಖ್ತೆಯನ್ನು ನೋಡಬೇಕು. ಮುಂದಿನ ತಿಂಗಳ ಸಂಬಳ, ಕಂತು ಮತ್ತು ಬಾಕಿಗಳನ್ನು ತೀರಿಸುವ ಶಕ್ತಿ ವ್ಯವಹಾರದಿಂದಲೇ ಬರುತ್ತಿದೆಯೇ ಎಂಬ ಪ್ರಶ್ನೆಗೆ ನಗದು ಹರಿವಿನ ತಃಖ್ತೆಯನ್ನು ನೋಡಬೇಕು. ಎರಡರಲ್ಲಿ ಯಾವುದನ್ನು ಓದಿದರೂ ಹಂತ 1ರ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಂಡು, ದಾಸ್ತಾನು, ಋಣಿಗಳು, ಧನಿಗಳು ಎಂಬ ಮೂರು ಸಾಲುಗಳನ್ನು ಮಾರಾಟದ ಬೆಳವಣಿಗೆಯ ಜೊತೆ ಅಳೆಯಬೇಕು. ನಮ್ಮ ಸಂಸ್ಥೆಯಲ್ಲಿ ಮೊದಲು ತರಿಸಿ ನೋಡಬೇಕಾದ ಕಾಗದವೆಂದರೆ ಆ 400ರ ಋಣಿಗಳ ಬಾಕಿ ಎಷ್ಟು ದಿನಗಳಿಂದ, ಯಾರ ಮೇಲೆ ನಿಂತಿದೆ ಎಂಬ ವಿವರ.